ಮೂರಕ್ಕೂ ನಾಲ್ಕಕ್ಕೂ ನಡುವೆ ಎಷ್ಟು ದೂರ?

ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್‌ನ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. 2017ರಲ್ಲಿ ಅದು ತನ್ನ ಮೌಲ್ಯಮಾಪನದ ಪದ್ಧತಿಯನ್ನು ಪರಿಷ್ಕರಿಸಿದಾಗ ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಅಂಕದ ಲೆಕ್ಕದಲ್ಲಿ ಜಾಗ ಸಿಕ್ಕಿತು. ಇದಕ್ಕಾಗಿ ರೂಪಿಸಿದ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯಲ್ಲಿ ಇಪ್ಪತ್ತೊಂದು ಪ್ರಶ್ನೆಗಳಿವೆ. ಕೊನೆಯದರಲ್ಲಿ ಸಲಹೆಗಳನ್ನು ಸ್ವಂತ ಮಾತಿನಲ್ಲಿ ಬರೆಯಬಹುದು. ಉಳಿದ ಇಪ್ಪತ್ತಕ್ಕೂ ಐದೈದು ಆಯ್ಕೆಗಳು, ಒಂದೊಂದಕ್ಕೂ 4ರಿಂದ 0ವರೆಗೆ ಅಂಕ.

ಮೊದಲ ಪ್ರಶ್ನೆ ತೀರ ಸರಳ: ತರಗತಿಯಲ್ಲಿ ಪಠ್ಯಕ್ರಮದ ಎಷ್ಟು ಭಾಗ ಮುಗಿಯಿತು? ಶೇ. 85ರಿಂದ 100 ಎಂದರೆ 4 ಅಂಕ. 70ರಿಂದ 84 ಎಂದರೆ 3. 55ರಿಂದ 69 ಎಂದರೆ 2. 30ರಿಂದ 54 ಎಂದರೆ 1. ಮೂವತ್ತಕ್ಕಿಂತ ಕಡಿಮೆಯಾದರೆ ಸೊನ್ನೆ.

ಈ ಆಯ್ಕೆಗಳನ್ನು ಇನ್ನೊಮ್ಮೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೇಲಿನ ಮೂರು ಮನೆಗಳ ಅಗಲ ಹೆಚ್ಚುಕಡಿಮೆ ಹದಿನೈದು ಶೇಕಡಾ. ನಾಲ್ಕನೆಯದರ ಅಗಲ ಇಪ್ಪತ್ತೈದು, ಕೊನೆಯದರದು ಮೂವತ್ತು. ಪ್ರತಿ ಮನೆಯ ನಡುಬಿಂದುವನ್ನು ಹಿಡಿದರೆ 4 ಅಂಕದ ಮನೆ 92.5ರಲ್ಲಿ, 3ರದು 77ರಲ್ಲಿ, 2ರದು 62ರಲ್ಲಿ, 1ರದು 42ರಲ್ಲಿ, ಸೊನ್ನೆಯದು 15ರಲ್ಲಿ ನಿಲ್ಲುತ್ತದೆ. ಅಂಕದಲ್ಲಿ ಪ್ರತಿ ಮೆಟ್ಟಿಲೂ ಒಂದೇ ಎತ್ತರ. ಪಾಠದ ಲೆಕ್ಕದಲ್ಲಿ ಮಾತ್ರ ಮೂರರಿಂದ ನಾಲ್ಕಕ್ಕೆ ಏರಲು 15.5 ಶೇಕಡಾ ಸಾಕು, ಸೊನ್ನೆಯಿಂದ ಒಂದಕ್ಕೆ ಏರಲು 27 ಬೇಕು.

ಸಾಮಾನ್ಯವಾಗಿ ಇಂಥ ಪ್ರಶ್ನಾವಳಿಗಳಲ್ಲಿ ಈ ಅಸಮತೆ ಕಣ್ಣಿಗೆ ಬೀಳುವುದಿಲ್ಲ. ‘ತುಂಬ ತೃಪ್ತಿ’ಗೂ ‘ತೃಪ್ತಿ’ಗೂ ನಡುವಿನ ದೂರವನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲ. ನ್ಯಾಕ್‌ನ ಈ ಒಂದು ಪ್ರಶ್ನೆಯಲ್ಲಿ ಅಂಕವೂ ಅದರ ಹಿಂದಿನ ನಿಜವಾದ ಅಳತೆಯೂ ಅಕ್ಕಪಕ್ಕದಲ್ಲೇ ಇವೆ. ಸಂಖ್ಯಾಶಾಸ್ತ್ರದಲ್ಲಿ ದಶಕಗಳಿಂದ ನಡೆದಿರುವ ಒಂದು ಜಗಳವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ.

ಜಗಳ ಇಷ್ಟೇ. ವಿದ್ಯಾರ್ಥಿ ಒತ್ತಿದ ‘3’ ಎಂಬುದು ಬರೀ ಸ್ಥಾನವೇ, ಅಥವಾ ಅಳತೆಯೇ? ಸ್ಥಾನ ಎಂದರೆ ಅದು ಎರಡಕ್ಕಿಂತ ಮೇಲು, ನಾಲ್ಕಕ್ಕಿಂತ ಕೆಳಗು ಎಂಬಷ್ಟೇ ತಿಳಿಯುತ್ತದೆ. ಎಷ್ಟು ಮೇಲು, ಎಷ್ಟು ಕೆಳಗು ಎಂದು ಕೇಳುವಂತಿಲ್ಲ. ಇದನ್ನು ಆರ್ಡಿನಲ್, ಕನ್ನಡದಲ್ಲಿ ಹೇಳುವುದಾದರೆ ಕ್ರಮಸೂಚಕ ದತ್ತಾಂಶ ಎನ್ನುತ್ತಾರೆ. ಅಳತೆ ಎಂದರೆ ಮೆಟ್ಟಿಲುಗಳೆಲ್ಲ ಸಮ, ಥರ್ಮಾಮೀಟರಿನ ಗೆರೆಗಳ ಹಾಗೆ. ಅದು ಇಂಟರ್ವಲ್, ಅಂದರೆ ಸಮಾಂತರ ದತ್ತಾಂಶ. ಕೂಡಿ ಭಾಗಿಸಿ ಸರಾಸರಿ ತೆಗೆಯುವವರು, ಬಾಯಿಬಿಟ್ಟು ಹೇಳದಿದ್ದರೂ, ಎರಡನೆಯದನ್ನು ಒಪ್ಪಿಕೊಂಡಿರುತ್ತಾರೆ.

ಈ ಹೆಸರುಗಳನ್ನು ಚಲಾವಣೆಗೆ ತಂದವರು ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್, 1946ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ. ಕ್ರಮಸೂಚಕ ಅಂಕಗಳಿಗೆ ಸರಾಸರಿ ಮತ್ತು ಪ್ರಮಾಣ ವಿಚಲನೆ ನಿಯಮದ ಪ್ರಕಾರ ಸಲ್ಲವೆಂದು ಅವರು ಹೇಳಿದರು. ಆದರೆ ಅದೇ ಲೇಖನದಲ್ಲಿ, ಹಾಗೆ ಮಾಡಿ ಉಪಯುಕ್ತ ಫಲ ಪಡೆದ ಉದಾಹರಣೆಗಳು ಬೇಕಾದಷ್ಟಿವೆ ಎಂದು ತಾವೇ ಬಾಗಿಲನ್ನು ಸ್ವಲ್ಪ ತೆರೆದೂ ಇಟ್ಟರು. ಪಠ್ಯಪುಸ್ತಕಗಳು ಮೊದಲ ಮಾತನ್ನು ಉಳಿಸಿಕೊಂಡವು. ಎರಡನೆಯದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಐದು ಆಯ್ಕೆಗಳ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅದಕ್ಕೂ ಮೊದಲಿನವರು. ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಕೆಲಸವನ್ನು ಪ್ರಕಟಿಸಿದಾಗ ಈ ದೂರದ ಪ್ರಶ್ನೆ ಅವರ ಮುಂದೆಯೂ ಇತ್ತು. ಮೊದಲು ಅವರು ಪ್ರತಿ ಉತ್ತರಕ್ಕೂ ಎಷ್ಟು ಜನ ಬಿದ್ದಿದ್ದಾರೆ ಎಂಬುದರ ಮೇಲೆ ತೂಕ ಕಟ್ಟುವ ಕಷ್ಟದ ಲೆಕ್ಕ ಮಾಡಿದರು. ಆಮೇಲೆ ಸುಮ್ಮನೆ 1, 2, 3, 4, 5 ಎಂದು ಕೊಟ್ಟು ನೋಡಿದರು. ಎರಡೂ ವಿಧಾನಗಳಲ್ಲಿ ಬಂದ ಒಟ್ಟು ಅಂಕಗಳ ನಡುವಿನ ಸಹಸಂಬಂಧ 0.99 ಇತ್ತು. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಸುಲಭದ ದಾರಿಯನ್ನು ಯಾರು ಬಿಡುತ್ತಾರೆ? ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಲಿಕರ್ಟ್ ಹೋಲಿಸಿದ್ದು ಹಲವು ಹೇಳಿಕೆಗಳ ಮೊತ್ತವನ್ನು. ಒಂಟಿ ಪ್ರಶ್ನೆಯೊಂದರ ಉತ್ತರವನ್ನು ಅಳತೆಯೆಂದು ನಂಬಬಹುದು ಎಂಬುದಕ್ಕೆ ಆ 0.99 ಸಾಕ್ಷಿಯಲ್ಲ. ಇವತ್ತು ಅವರ ಹೆಸರು ಹೇಳಿ ಒಂದೊಂದು ಪ್ರಶ್ನೆಗೂ ಬೇರೆಬೇರೆ ಸರಾಸರಿ ತೆಗೆಯುವವರು ಇದನ್ನು ಮರೆಯುತ್ತಾರೆ.

ಹಾಗೆ ತೆಗೆದರೆ ಏನಾಗಬಹುದು ಎಂದು ನೋಡಲು ನ್ಯಾಕ್‌ನ ಆ ಮೊದಲ ಪ್ರಶ್ನೆಗೇ ಮರಳಬಹುದು. ಎರಡು ಕಾಲ್ಪನಿಕ ಕಾಲೇಜುಗಳಿವೆ ಎಂದುಕೊಳ್ಳೋಣ, ಒಂದೊಂದರಲ್ಲೂ ನೂರು ಮಂದಿ ಉತ್ತರಿಸಿದ್ದಾರೆ. ಮೊದಲನೆಯ ಕಾಲೇಜಿನಲ್ಲಿ 10 ಮಂದಿ 4 ಒತ್ತಿದ್ದಾರೆ, 25 ಮಂದಿ 3, 40 ಮಂದಿ 2, 20 ಮಂದಿ 1, ಐವರು ಸೊನ್ನೆ. ಹೆಚ್ಚಿನವರು ನಡುವಿನಲ್ಲಿ ಇರುವ, ಎಲ್ಲೆಡೆ ಕಾಣುವಂಥ ಕಾಲೇಜು. ಎರಡನೆಯದರಲ್ಲಿ 40 ಮಂದಿ 4 ಒತ್ತಿದ್ದಾರೆ, 15 ಮಂದಿ 3, ಐವರು 2, ಐವರು 1, 35 ಮಂದಿ ಸೊನ್ನೆ. ಬಹುಶಃ ಒಂದು ವಿಭಾಗದಲ್ಲಿ ಪಾಠ ಚೆನ್ನಾಗಿ ನಡೆದಿದೆ, ಇನ್ನೊಂದರಲ್ಲಿ ಅಧ್ಯಾಪಕರೇ ಇಲ್ಲ. ಅತಿಥಿ ಉಪನ್ಯಾಸಕರ ನೇಮಕ ತಡವಾಗುವುದನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೇನಲ್ಲ.

ಅಂಕಗಳ ಸರಾಸರಿ ತೆಗೆದರೆ ಮೊದಲನೆಯದಕ್ಕೆ 2.15, ಎರಡನೆಯದಕ್ಕೆ 2.20. ಎರಡನೆಯದೇ ಮುಂದೆ. ಈಗ ಅಂಕದ ಬದಲು ಮನೆಗಳ ನಡುಬಿಂದುವನ್ನು, ಅಂದರೆ ಮುಗಿದ ಪಾಠದ ಶೇಕಡಾವನ್ನು ಇಟ್ಟು ಅದೇ ಲೆಕ್ಕ ಮಾಡಿದರೆ ಮೊದಲನೆಯದಕ್ಕೆ ಸುಮಾರು 62.5, ಎರಡನೆಯದಕ್ಕೆ 59. ಮೊದಲನೆಯದು ಮುಂದೆ. ವಿದ್ಯಾರ್ಥಿಗಳು ಅವರೇ, ಉತ್ತರಗಳೂ ಅವೇ. ಬದಲಾದದ್ದು ಮನೆಯಿಂದ ಮನೆಗೆ ಎಷ್ಟು ದೂರ ಎಂಬ ನಂಬಿಕೆ ಮಾತ್ರ, ಅಷ್ಟಕ್ಕೇ ಗೆದ್ದವರು ಸೋತರು.

ಹಾಗಾದರೆ ಸರಾಸರಿಯನ್ನು ಬಿಟ್ಟು ಕ್ರಮವನ್ನು ಮಾತ್ರ ನಂಬಿದರೆ ಸರಿಹೋಗುತ್ತದೆಯೇ? ಕ್ರಮಸೂಚಕ ಪಕ್ಷದವರು ಮೊದಲು ಕೈಹಾಕುವುದು ಮಧ್ಯಾಂಕಕ್ಕೆ. ಉತ್ತರಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ ನಡುವಿನದನ್ನು ಹಿಡಿದರೆ ಮೊದಲ ಕಾಲೇಜಿನದು 2, ಎರಡನೆಯದು 3. ಅವರ ಇನ್ನೊಂದು ಆಯುಧ ಮಾನ್-ವಿಟ್ನಿ ಪರೀಕ್ಷೆ. ಅದರ ತಿರುಳು ಇಷ್ಟು: ಒಂದೊಂದು ಕಾಲೇಜಿನಿಂದ ಒಬ್ಬೊಬ್ಬರನ್ನು ಚೀಟಿ ಎತ್ತಿ ಎದುರುಬದುರು ನಿಲ್ಲಿಸಿದರೆ ಯಾರ ಅಂಕ ಹೆಚ್ಚಿರುತ್ತದೆ? ಇಲ್ಲಿ ನೂರು ಜೋಡಿಗಳಲ್ಲಿ ಸುಮಾರು 47ರಲ್ಲಿ ಎರಡನೆಯ ಕಾಲೇಜಿನವರು, 40ರಲ್ಲಿ ಮೊದಲನೆಯವರು ಮೇಲಿರುತ್ತಾರೆ, ಉಳಿದವು ಸಮ. ಹೀಗೆ ಕ್ರಮವನ್ನಷ್ಟೇ ನೋಡಿದರೂ ಎರಡನೆಯದೇ ಮುಂದೆ. ಸೊನ್ನೆಯ ಮನೆಗೆ ಬಿದ್ದವರು ಎಷ್ಟು ಆಳಕ್ಕೆ ಬಿದ್ದಿದ್ದಾರೆ ಎಂಬುದನ್ನು ಈ ವಿಧಾನ ಕೇಳುವುದೇ ಇಲ್ಲ. ಅದು ಸುಳ್ಳು ಹೇಳಿಲ್ಲ, ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದೆ.

ಈ ಗೋಜಲಿನಿಂದ ಹೊರಬರಲು ಒಂದು ಸುಲಭದ ಪರೀಕ್ಷೆಯಿದೆ, ಕಂಪ್ಯೂಟರೂ ಬೇಡ. ಪ್ರತಿ ಮೆಟ್ಟಿಲಿನಲ್ಲೂ ‘ಇಲ್ಲಿ ಅಥವಾ ಇದಕ್ಕಿಂತ ಮೇಲೆ ಎಷ್ಟು ಜನ’ ಎಂದು ಎಣಿಸುತ್ತಾ ಬಂದರಾಯಿತು. ನಾಲ್ಕರಲ್ಲಿ ಮೊದಲ ಕಾಲೇಜಿನ 10 ಜನ, ಎರಡನೆಯದರ 40. ಮೂರು ಅಥವಾ ಮೇಲೆ 35 ಮತ್ತು 55. ಎರಡು ಅಥವಾ ಮೇಲೆ 75 ಮತ್ತು 60. ಒಂದು ಅಥವಾ ಮೇಲೆ 95 ಮತ್ತು 65. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಎರಡನೆಯ ಕಾಲೇಜು ಮುಂದಿದ್ದರೆ ಕೆಳಗಿನ ಎರಡರಲ್ಲಿ ಮೊದಲನೆಯದು ಮುಂದಿದೆ. ಎರಡು ಗೆರೆಗಳು ನಡುವೆ ಒಂದನ್ನೊಂದು ದಾಟಿವೆ.

ದಾಟದಿದ್ದರೆ, ಅಂದರೆ ಎಲ್ಲ ಮೆಟ್ಟಿಲುಗಳಲ್ಲೂ ಒಂದೇ ಗುಂಪು ಮುಂದಿದ್ದರೆ, ಕ್ರಮ ಕೆಡಿಸದ ಯಾವ ಅಂಕ ಕೊಟ್ಟರೂ ಸರಾಸರಿಯಲ್ಲಿ ಅದೇ ಗುಂಪು ಗೆಲ್ಲುತ್ತದೆ. 0-1-2-3-4 ಬದಲು 0-1-5-20-100 ಎಂದು ಕೊಟ್ಟರೂ ಅಷ್ಟೇ. ಆಗ ಯಾರು ಮುಂದೆ ಎಂಬ ಮಟ್ಟಿಗೆ ಸರಾಸರಿಯನ್ನು ಧೈರ್ಯವಾಗಿ ನಂಬಬಹುದು. ದಾಟಿದರೆ ಮಾತ್ರ ಯಾರು ಗೆದ್ದರು ಎಂಬುದು ಮೆಟ್ಟಿಲುಗಳ ಎತ್ತರದ ಮೇಲೆ ನಿಂತಿದೆ. ನ್ಯಾಕ್‌ನ ಉದಾಹರಣೆಯಲ್ಲೇ, ಸೊನ್ನೆ ಒತ್ತಿದವರ ನಡುಬಿಂದು 15 ಎಂದು ಹಿಡಿದದ್ದು ಒಂದು ಊಹೆ. ಅದನ್ನು 25 ಎಂದು ಹಿಡಿದರೆ ಮೂರೂವರೆ ಶೇಕಡಾದ ಅಂತರ ಅರ್ಧ ಶೇಕಡಾಕ್ಕೆ ಇಳಿಯುತ್ತದೆ, 29 ಎಂದರೆ ಎರಡನೆಯ ಕಾಲೇಜೇ ಮತ್ತೆ ಮುಂದೆ ಬರುತ್ತದೆ. ಇಂಥ ಕಡೆ ಸಂಖ್ಯೆಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುವ ವರದಿಗಿಂತ, 35 ಮಂದಿಗೆ ಮೂವತ್ತು ಶೇಕಡಾ ಪಾಠವೂ ಆಗಿಲ್ಲ ಎಂದು ನೇರವಾಗಿ ಹೇಳುವ ವರದಿ ಪ್ರಾಂಶುಪಾಲರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗೆರೆಗಳು ದಾಟುವುದು ಅಪರೂಪದ ಸಂಗತಿಯೂ ಅಲ್ಲ, ಅದರ ಪರಿಣಾಮ ಚಿಕ್ಕದೂ ಅಲ್ಲ. ಅಮೆರಿಕದ ಜನರಲ್ ಸೋಶಿಯಲ್ ಸರ್ವೆ 1972ರಿಂದ ಜನರನ್ನು ಅವರ ಸಂತೋಷದ ಬಗ್ಗೆ ಕೇಳುತ್ತಿದೆ, ಆಯ್ಕೆಗಳು ಮೂರೇ. ಇಂಥ ಉತ್ತರಗಳ ಮೇಲೆ ‘ಇವರು ಅವರಿಗಿಂತ ಸಂತೋಷವಾಗಿದ್ದಾರೆ’ ಎನ್ನುವ ಎಷ್ಟೋ ಸಂಶೋಧನೆಗಳು ಕಟ್ಟಿಕೊಂಡಿವೆ. ಅರ್ಥಶಾಸ್ತ್ರಜ್ಞರಾದ ತಿಮೋತಿ ಬಾಂಡ್ ಮತ್ತು ಕೆವಿನ್ ಲ್ಯಾಂಗ್ 2019ರಲ್ಲಿ, ಒಳಗಿನ ಸಂತೋಷ ಜನರಲ್ಲಿ ಹೇಗೆ ಹರಡಿದೆ ಎಂಬ ಊಹೆಯನ್ನು ಸ್ವಲ್ಪ ತಿರುಗಿಸಿದರೆ ಈ ಬಗೆಯ ಪ್ರಸಿದ್ಧ ತೀರ್ಮಾನಗಳನ್ನು ತಲೆಕೆಳಗು ಮಾಡಬಹುದೆಂದು ತೋರಿಸಿದರು. ಸಂತೋಷಕ್ಕೆ ಪಠ್ಯಕ್ರಮದ ಹಾಗೆ ಶೇಕಡಾವಾರು ನಡುಬಿಂದುಗಳಿಲ್ಲ. ಯಾವ ಊಹೆ ಸರಿ ಎಂದು ಹೊರಗಿನಿಂದ ನೋಡಿ ಹೇಳುವ ದಾರಿಯೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಸರಾಸರಿಯನ್ನೇ ಕಸದಬುಟ್ಟಿಗೆ ಹಾಕಬೇಕೆನ್ನಿಸಿದರೆ ಅದೂ ಅತಿಯಾಯಿತು. ಕ್ರಮಸೂಚಕ ದಾರಿಗೂ ತೆರಬೇಕಾದ ಬೆಲೆಯಿದೆ. ಒಂದು ಕಾಲೇಜಿನಲ್ಲಿ ಕಳೆದ ವರ್ಷ ನೂರರಲ್ಲಿ 15 ಮಂದಿ 4 ಒತ್ತಿದ್ದರು, 50 ಮಂದಿ 3, 20 ಮಂದಿ 2, 10 ಮಂದಿ 1, ಐವರು ಸೊನ್ನೆ ಎನ್ನಿ. ಈ ವರ್ಷ 45 ಮಂದಿ 4, 40 ಮಂದಿ 3, 10 ಮಂದಿ 2, ಐವರು 1, ಸೊನ್ನೆ ಯಾರೂ ಇಲ್ಲ. ಸುಧಾರಣೆ ಕಣ್ಣಿಗೆ ರಾಚುವಂತಿದೆ. ಸರಾಸರಿ 2.60ರಿಂದ 3.25ಕ್ಕೆ ಏರಿದೆ, ಗೆರೆಗಳು ಎಲ್ಲೂ ದಾಟಿಲ್ಲ. ಮಧ್ಯಾಂಕ ಮಾತ್ರ ಕಳೆದ ವರ್ಷವೂ 3, ಈ ವರ್ಷವೂ 3. ಐದೇ ಮೆಟ್ಟಿಲುಗಳಿರುವ ಕಡೆ ಮಧ್ಯಾಂಕ ಬಹಳ ಒರಟಾದ ಸಾಧನ. ಶುದ್ಧತೆಯ ಹೆಸರಿನಲ್ಲಿ ಅದೊಂದನ್ನೇ ವರದಿ ಮಾಡಿದರೆ, ವರ್ಷವಿಡೀ ದುಡಿದ ಅಧ್ಯಾಪಕರಿಗೆ ‘ಏನೂ ಬದಲಾಗಿಲ್ಲ’ ಎಂಬ ಉತ್ತರ ಸಿಗುತ್ತದೆ.

ಗುಂಪುಗಳ ನಡುವೆ ವ್ಯತ್ಯಾಸವಿದೆಯೇ ಇಲ್ಲವೇ ಎಂಬ ಪ್ರಶ್ನೆಗೂ ಎರಡು ದಾರಿಗಳ ಉತ್ತರ ಹಲವು ಸಲ ಒಂದೇ. ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆಯನ್ನೂ ಮಾನ್-ವಿಟ್ನಿಯನ್ನೂ ಐದು ಮೆಟ್ಟಿಲಿನ ಉತ್ತರಗಳ ಮೇಲೆ ಪಕ್ಕಪಕ್ಕದಲ್ಲಿ ಓಡಿಸಿ ನೋಡಿದ ಡಿ ವಿಂಟರ್ ಮತ್ತು ಡೋಡು ಅವರ 2010ರ ಅಧ್ಯಯನ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಎರಡು ಗುಂಪುಗಳಲ್ಲೂ ಉತ್ತರಗಳು ಒಂದೇ ಆಕಾರದಲ್ಲಿ ಹರಡಿದ್ದು, ಯಾವುದಾದರೂ ತುದಿಯಲ್ಲಿ ರಾಶಿ ಬೀಳದಿದ್ದರೆ, ಯಾವ ಪರೀಕ್ಷೆ ಮಾಡಿದಿರಿ ಎಂದು ಜಗಳ ಕಾಯುವುದು ವ್ಯರ್ಥ.

ಪೆಟ್ಟು ಬೀಳುವುದು ಬೇರೆ ಕಡೆ, ಹೆಚ್ಚಳಗಳನ್ನು ಹೋಲಿಸುವಾಗ. ‘ಹೊಸ ಬೋಧನಾ ಕ್ರಮದಿಂದ ಯಾವ ವಿಭಾಗಕ್ಕೆ ಹೆಚ್ಚು ಲಾಭವಾಯಿತು?’ ಎಂಬ ಪ್ರಶ್ನೆ ನಿರುಪದ್ರವಿಯಂತೆ ಕಾಣುತ್ತದೆ. ಒಂದು ವಿಭಾಗದವರು ಸೊನ್ನೆಯಿಂದ 1ಕ್ಕೆ ಬಂದರು, ಇನ್ನೊಂದು ವಿಭಾಗದವರು 3ರಿಂದ 4ಕ್ಕೆ. ಅಂಕದ ಲೆಕ್ಕದಲ್ಲಿ ಇಬ್ಬರಿಗೂ ಲಾಭ ಒಂದೊಂದು. ಪಾಠದ ಲೆಕ್ಕದಲ್ಲಿ ಒಬ್ಬರಿಗೆ 27 ಶೇಕಡಾ, ಇನ್ನೊಬ್ಬರಿಗೆ 15.5. ಇಲ್ಲಿ ಗೆರೆ ದಾಟಿದೆಯೇ ಎಂಬ ಪರೀಕ್ಷೆಯೂ ಕಾಪಾಡುವುದಿಲ್ಲ. ಇಬ್ಬರೂ ಮೇಲೆ ಹೋದರು ಎಂದು ಹೇಳಲು ಕ್ರಮ ಸಾಕು. ಯಾರು ಹೆಚ್ಚು ಹೋದರು ಎಂದು ಹೇಳಲು ದೂರ ಗೊತ್ತಿರಬೇಕು. ಅಂತರ ಕಡಿಮೆಯಾಯಿತು, ಹಿಂದುಳಿದವರಿಗೇ ಹೆಚ್ಚು ಪ್ರಯೋಜನವಾಯಿತು ಎಂಬ ಜಾತಿಯ ವಾಕ್ಯಗಳು ಸಮೀಕ್ಷಾ ವರದಿಗಳಲ್ಲಿ ಹೇರಳ. ಅವೆಲ್ಲ ಸಮ ಮೆಟ್ಟಿಲುಗಳ ನಂಬಿಕೆಯ ಮೇಲೆಯೇ ನಿಂತಿವೆ, ಬರೆದವರಿಗೆ ಅದರ ಅರಿವಿರಲಿ ಇಲ್ಲದಿರಲಿ.

ತುದಿಯಲ್ಲಿ ರಾಶಿ ಬೀಳುವ ಉತ್ತರಗಳದ್ದು ಇನ್ನೊಂದು ಕಥೆ. ಮುಕ್ಕಾಲು ಪಾಲು ಜನ 4 ಒತ್ತಿದ್ದರೆ ಅವರೊಳಗೆ ಬರೀ ಮೆಚ್ಚಿದವರೂ ತುಂಬ ಮೆಚ್ಚಿದವರೂ ಒಂದೇ ಮನೆಯಲ್ಲಿ ಸೇರಿರುತ್ತಾರೆ, ಮೇಲಕ್ಕೆ ಹೋಗಲು ಜಾಗವಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಟೊರಿನ್ ಲಿಡೆಲ್ ಮತ್ತು ಜಾನ್ ಕ್ರುಷ್ಕೆ 2018ರಲ್ಲಿ ಇದನ್ನು ವಿವರವಾಗಿ ಕೆದಕಿದರು. ಇಂಥ ದತ್ತಾಂಶವನ್ನು ಅಳತೆಯೆಂದು ನಂಬಿ ಲೆಕ್ಕ ಹಾಕಿದರೆ ಇಲ್ಲದ ವ್ಯತ್ಯಾಸ ಇದ್ದಂತೆ ಕಾಣಬಹುದು, ಇರುವುದು ಮಾಯವಾಗಬಹುದು, ಕೆಲವೊಮ್ಮೆ ದಿಕ್ಕೇ ತಿರುಗಬಹುದು ಎಂದು ಅವರು ತೋರಿಸಿದರು. 2016ರ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಲಿಕರ್ಟ್ ಹೆಸರು ಬಂದ 68 ಲೇಖನಗಳನ್ನು ಹುಡುಕಿ ನೋಡಿದಾಗ ಅಷ್ಟರಲ್ಲೂ ಉತ್ತರಗಳನ್ನು ಅಳತೆಯಂತೆಯೇ ಬಳಸಲಾಗಿತ್ತಂತೆ.

ಅವರು ಸೂಚಿಸುವ ದಾರಿ ಹೊಸದೇನಲ್ಲ. ಅದರ ಒಂದು ಮುಖ್ಯ ರೂಪವನ್ನು ಪೀಟರ್ ಮೆಕಲಾ 1980ರಲ್ಲೇ ಬರೆದಿಟ್ಟಿದ್ದರು. ಪ್ರತಿಯೊಬ್ಬರ ಮನಸ್ಸಿನಲ್ಲೂ ಅಭಿಪ್ರಾಯ ಒಂದು ಅಖಂಡ ಗೆರೆಯ ಮೇಲೆ ಎಲ್ಲೋ ಇದೆ, ಆ ಗೆರೆಯನ್ನು ಕೆಲವು ಗಡಿಕಲ್ಲುಗಳು ತುಂಡರಿಸಿವೆ ಎಂದು ಈ ಮಾದರಿ ಊಹಿಸುತ್ತದೆ. ಯಾವ ಎರಡು ಕಲ್ಲುಗಳ ನಡುವೆ ಬೀಳುತ್ತೇವೋ ಆ ಮನೆಯನ್ನು ಒತ್ತುತ್ತೇವೆ. ಕಲ್ಲುಗಳ ನಡುವೆ ಸಮ ದೂರ ಇರಬೇಕೆಂಬ ಹಟ ಇಲ್ಲ. ಅವು ಎಲ್ಲಿವೆ ಎಂಬುದನ್ನು ಉತ್ತರಗಳ ಹಂಚಿಕೆಯಿಂದಲೇ ಅಂದಾಜು ಮಾಡುತ್ತಾರೆ. ತುದಿಯ ರಾಶಿಯನ್ನೂ ಇದು ಸರಾಸರಿಗಿಂತ ಚೆನ್ನಾಗಿ ನಿಭಾಯಿಸುತ್ತದೆ. ಆದರೆ ಇದಕ್ಕೂ ಒಂದು ಊಹೆ ಬೇಕು: ಆ ಗೆರೆಯ ಮೇಲೆ ಜನ ಒಂದು ನಿರ್ದಿಷ್ಟ ಆಕಾರದಲ್ಲಿ, ಸಾಮಾನ್ಯವಾಗಿ ಒಂದೇ ಗುಡ್ಡದ ರೂಪದಲ್ಲಿ ಹರಡಿದ್ದಾರೆ ಎಂಬುದು. ಮೇಲಿನ ಎರಡನೆಯ ಕಾಲೇಜಿನಲ್ಲಿ ಇರುವುದು ಎರಡು ಗುಡ್ಡ. ಅಲ್ಲಿ ಎಂಥ ಮಾದರಿಯನ್ನು ಓಡಿಸಿದರೂ ಮೊದಲು ವಿಭಾಗವಾರು ಬಿಡಿಸಿ ನೋಡದೆ ಗತಿಯಿಲ್ಲ.

ಇಪ್ಪತ್ತು ಪ್ರಶ್ನೆಗಳನ್ನೂ ಕೂಡಿಸಿದರೆ ಲಿಕರ್ಟ್ ಮಾಡಿದ ಹಾಗಾಗುತ್ತದೆ, ಆಗ ಸಮಸ್ಯೆ ಬಗೆಹರಿಯಿತಲ್ಲ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಮೊತ್ತ 0ಯಿಂದ 80ರವರೆಗೆ ಹರಡುತ್ತದೆ, ಬೇರೆಬೇರೆ ಪ್ರಶ್ನೆಗಳ ಅಸಮ ಮೆಟ್ಟಿಲುಗಳು ಒಂದನ್ನೊಂದು ತಕ್ಕಮಟ್ಟಿಗೆ ಸರಿತೂಗಿಸುತ್ತವೆ. ಆದರೆ ಅದಕ್ಕೆ ಎಲ್ಲ ಪ್ರಶ್ನೆಗಳೂ ಒಂದೇ ಸಂಗತಿಯನ್ನು ಅಳೆಯುತ್ತಿರಬೇಕು. ಪಠ್ಯ ಮುಗಿಸುವುದು, ಆಂತರಿಕ ಮೌಲ್ಯಮಾಪನದ ನ್ಯಾಯ, ಇಂಟರ್ನ್‌ಶಿಪ್‌ಗೆ ಪ್ರೋತ್ಸಾಹ, ಇವೆಲ್ಲ ಒಂದೇ ‘ತೃಪ್ತಿ’ಯ ಮುಖಗಳೋ ಅಲ್ಲವೋ ಎಂದು ಉತ್ತರಗಳ ನಡುವಿನ ಸಹಸಂಬಂಧ ನೋಡಿಯೇ ಹೇಳಬೇಕು. ಜೊತೆಗೆ ಎಲ್ಲ ಪ್ರಶ್ನೆಗಳಲ್ಲೂ ಕೆಳಗಿನ ಮೆಟ್ಟಿಲೇ ಎತ್ತರವಾಗಿದ್ದರೆ, ಎಷ್ಟು ಕೂಡಿಸಿದರೂ ಆ ವಾಲು ಹಾಗೇ ಉಳಿಯುತ್ತದೆ.

ಇನ್ನು, ಕ್ರಮವೊಂದಂತೂ ಖಚಿತ ಎಂಬ ಸಮಾಧಾನಕ್ಕೂ ಅದೇ ಪ್ರಶ್ನಾವಳಿಯಲ್ಲಿ ಒಂದು ತಕರಾರಿದೆ. ಎರಡನೆಯ ಪ್ರಶ್ನೆ ಅಧ್ಯಾಪಕರು ತರಗತಿಗೆ ಎಷ್ಟು ತಯಾರಾಗಿ ಬರುತ್ತಾರೆ ಎಂದು ಕೇಳುತ್ತದೆ. ಪೂರ್ಣ ತಯಾರಿಗೆ 4, ತೃಪ್ತಿಕರವಾದರೆ 3, ಕಳಪೆಯಾದರೆ 2, ಉದಾಸೀನವಾದರೆ 1, ಪಾಠವನ್ನೇ ಮಾಡದಿದ್ದರೆ ಸೊನ್ನೆ. ಕಳಪೆ ತಯಾರಿ ಮೇಲೋ, ಉದಾಸೀನ ಮೇಲೋ? ಕೈಲಾಗದ ಅಧ್ಯಾಪಕರನ್ನು ಕ್ಷಮಿಸಿ, ಮನಸ್ಸಿಲ್ಲದವರನ್ನು ಕ್ಷಮಿಸದ ವಿದ್ಯಾರ್ಥಿಗೆ ಈ ಕ್ರಮ ಸರಿ. ಇನ್ನೊಬ್ಬರಿಗೆ ಎರಡೂ ಒಂದೇ, ಅಥವಾ ತಿರುಗುಮುರುಗು. ಇದನ್ನು ಪರೀಕ್ಷಿಸಲು ಸಾಧ್ಯವಿದೆ: ಇಲ್ಲಿ 2 ಒತ್ತಿದವರನ್ನೂ 1 ಒತ್ತಿದವರನ್ನೂ ಪ್ರತ್ಯೇಕಿಸಿ, ಉಳಿದ ಪ್ರಶ್ನೆಗಳಲ್ಲಿ ಅವರ ಉತ್ತರಗಳು ಹೇಗಿವೆ ಎಂದು ನೋಡಬೇಕು. 1 ಒತ್ತಿದವರು ಬೇರೆಡೆಯೂ ಕೆಳಗೇ ಇದ್ದರೆ ಕ್ರಮ ನಿಂತಿತು. ಎರಡು ಗುಂಪಿನ ಉತ್ತರಗಳೂ ಒಂದೇ ತೆರನಾಗಿದ್ದರೆ ಅವೆರಡು ಮೆಟ್ಟಿಲುಗಳಲ್ಲ, ಒಂದೇ ಮೆಟ್ಟಿಲು. ಸರಾಸರಿಗೋ ಮಾನ್-ವಿಟ್ನಿಗೋ ಕೈಹಾಕುವ ಮೊದಲೇ ಆ ಎರಡು ಮನೆಗಳನ್ನು ಸೇರಿಸಿ, ನಾಲ್ಕೇ ಆಯ್ಕೆಗಳಿದ್ದ ಪ್ರಶ್ನೆಯೆಂದು ಎಣಿಸಬೇಕಾಗುತ್ತದೆ.